ಪ್ರಶ್ನೆ 14, ಮೂರನೇ ಕರಡು: 89 ಇದ್ದವರಿಗಿಂತ 97 ಇದ್ದವರೇ ಮೊದಲು

ಈ ವಾರ ಪೂರ್ತಿ 14ನೇ ಪ್ರಶ್ನೆಗೇ ಹೋಯಿತು. ನರ್ಸಿಂಗ್ ವಿದ್ಯಾರ್ಥಿಗಳಿಗೆಂದು ನಾನು ಬರೆಯುತ್ತಿರುವ ಕೇಸ್ ಪ್ರಶ್ನೆಗಳಲ್ಲಿ ಇದರಷ್ಟು ತಿದ್ದಿಸಿಕೊಂಡದ್ದು ಬೇರೊಂದಿಲ್ಲ.

ಶಿಫ್ಟ್ ಈಗಷ್ಟೇ ಶುರುವಾಗಿದೆ, ಮೂವರು ರೋಗಿಗಳು. ಯಾರ ಬಳಿ ಮೊದಲು ಹೋಗುತ್ತೀರಿ? ಒಬ್ಬರು ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರು, ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ಶೇಕಡಾ 89, ಬೆಳಗಿನಿಂದಲೂ ಅಷ್ಟೇ, ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಿದ್ದಾರೆ. ಇನ್ನೊಬ್ಬರಿಗೆ ತೊಡೆಮೂಳೆ ಮುರಿದಿದೆ, ನೋವು ಹತ್ತಕ್ಕೆ ಒಂಬತ್ತು. ಮೂರನೆಯವರಿಗೆ ಆರು ಗಂಟೆ ಹಿಂದೆ ಥೈರಾಯ್ಡ್ ಆಪರೇಶನ್ ಆಗಿದೆ. ಸ್ಯಾಚುರೇಶನ್ 97, ಆದರೆ ‘ಕುತ್ತಿಗೆ ಬಿಗಿದ ಹಾಗಿದೆ’ ಎನ್ನುತ್ತಿದ್ದಾರೆ, ದನಿಯೂ ಬದಲಾಗಿದೆ.

ಮೊದಲ ಕರಡಿನಲ್ಲಿ ಮೂರನೆಯವರಿಗೆ ಉಸಿರೆಳೆಯುವಾಗ ಕೀರಲು ಸದ್ದು, ಅಂದರೆ ಸ್ಟ್ರೈಡರ್ ಇತ್ತು. ಆಗ ಎಲ್ಲರೂ ಸರಿಯುತ್ತರ ಬರೆದರು. ಅದನ್ನು ತೆಗೆದ ಮೇಲೆ ಹೆಚ್ಚಿನವರು 89ರ ಕಡೆ ಓಡಿದರು. ಎಬಿಸಿ ಎಂದರೆ ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ ನೋಡುವ ಕ್ರಮ; ಸಂಖ್ಯೆ ಕಡಿಮೆ ಇದ್ದಲ್ಲಿಗೆ ಹೋಗುವುದೇ ಎಬಿಸಿ ಎಂದು ಅವರು ಕಲಿತಿದ್ದಾರೆ. ಈ ಪ್ರಶ್ನೆ ಒಡೆಯಬೇಕಾದದ್ದು ಅದನ್ನೇ.

ಇಂಗಾಲಾಮ್ಲ ಏರುವ ಅಪಾಯವಿರುವ ಸಿಒಪಿಡಿ ರೋಗಿಗೆ ಸಾಮಾನ್ಯ ಗುರಿಯೇ 88ರಿಂದ 92. ಅವರು ಅವರ ಮಟ್ಟದಲ್ಲೇ ಇದ್ದಾರೆ. ಆಪರೇಶನ್ ಆದವರ ಕುತ್ತಿಗೆಯೊಳಗೆ ಮಾತ್ರ ರಕ್ತ ಕಟ್ಟುತ್ತಿರಬಹುದು. ಆ ಒತ್ತಡಕ್ಕೆ ಸಿರೆಗಳು ಬರಿದಾಗದೆ ಧ್ವನಿಪೆಟ್ಟಿಗೆ ಊದಿಕೊಳ್ಳುತ್ತದೆ, ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲೂ ಗಾಳಿ ಸಾಗುವಷ್ಟು ಹೊತ್ತು ಸ್ಯಾಚುರೇಶನ್ ಚೆನ್ನಾಗಿಯೇ ಕಾಣುತ್ತದೆ. ಅದು ಬೀಳುವ ವೇಳೆಗೆ ಸಮಯ ಮೀರುತ್ತಾ ಬಂದಿರುತ್ತದೆ. ಸ್ಟ್ರೈಡರ್ ಕೂಡ ತಡವಾಗಿಯೇ ಬರುವ ಸೂಚನೆ.

ಎರಡನೇ ಕರಡಿನ ತಪ್ಪು ನನ್ನದು. ‘ಡ್ರೆಸಿಂಗ್ ಒಣಗಿದೆ’ ಎಂದಷ್ಟೇ ಬರೆದಿದ್ದೆ, ಓದಿದವರಿಗೆ ಅದು ಸಮಾಧಾನ ಕೊಟ್ಟಿತು. ಮಲಗಿದವರ ರಕ್ತ ಹಿಂದಕ್ಕೆ ಹರಿಯುತ್ತದೆ. ಕುತ್ತಿಗೆಯ ಹಿಂಬದಿಗೆ, ದಿಂಬಿನ ಕಡೆಗೆ ಕೈ ಹಾಕಿ ನೋಡಬೇಕು. ರಕ್ತ ಒಳಗೇ ಕಟ್ಟಿದ್ದರೆ ಅಲ್ಲೂ ಒಣಗಿಯೇ ಇರುತ್ತದೆ. ಅದಕ್ಕೆ ‘ಡ್ರೆಸಿಂಗ್ ಒಣಗಿದೆ, ಕುತ್ತಿಗೆಯ ಒಂದು ಬದಿ ಉಬ್ಬಿದೆ’ ಎಂದು ತಿದ್ದಿದೆ.

ವಿವರಣೆಯಲ್ಲಿ ಮುಂದಿನ ಹೆಜ್ಜೆಯನ್ನೂ ಸೇರಿಸಿದೆ: ತಲೆ ಎತ್ತಿ ಕೂರಿಸಿ, ಅಲ್ಲೇ ನಿಂತು ತುರ್ತು ತಂಡವನ್ನೂ ಸರ್ಜನ್‌ರನ್ನೂ ಕರೆಸಿ, ಆಕ್ಸಿಜನ್ ಕೊಡುವುದು, ಹೊಲಿಗೆ ಬಿಚ್ಚುವ ಟ್ರೇ ಹಾಸಿಗೆ ಪಕ್ಕದಲ್ಲೇ ಇರುವುದು. ಉಸಿರು ಕಟ್ಟುವ ಹಂತ ಬಂದರೆ ತರಬೇತಾದವರು ಥಿಯೇಟರ್‌ಗೆ ಕಾಯದೆ ಅಲ್ಲೇ ಗಾಯ ಬಿಚ್ಚುತ್ತಾರೆ.

ನೋವಿನ ರೋಗಿಯ ಸಾಲು ಇನ್ನೂ ಸಪ್ಪೆಯಾಗಿದೆ. ಆ ಕಾಲಿನ ಪಾದ ತಣ್ಣಗಿದೆ ಎಂದು ಸೇರಿಸಿದರೆ ಅದು ಎಬಿಸಿಯ ‘ಸಿ’, ಅಂದರೆ ರಕ್ತಸಂಚಾರದ ತೊಂದರೆ ಆಗುತ್ತದೆ, ಎರಡನೆಯದಾಗಿ ಯಾರನ್ನು ನೋಡಬೇಕು ಎಂದೂ ಕೇಳಬಹುದು. ನಾಳೆ ಹಾಗೆ ಬರೆದು ನೋಡುತ್ತೇನೆ.