ಹಸಿರು ಪಟ್ಟಿ ಹಾಕಿಕೊಳ್ಳುವ ಮುಂಚೆ

ತಂಡವನ್ನೇ ಮುಚ್ಚುತ್ತಿದ್ದೇವೆ ಎಂದು ವಿಡಿಯೋ ಕಾಲ್‌ನಲ್ಲಿ ಹೇಳಿ ಮುಗಿಸಿದ ಅರ್ಧ ಗಂಟೆಗೆ ಎಚ್‌ಆರ್‌ನಿಂದ ಮೇಲ್ ಬಂತು. ತಿಂಗಳ ಕೊನೆಯ ದಿನವೇ ನನ್ನ ಕೊನೆಯ ಕೆಲಸದ ದಿನ, ಅಲ್ಲಿಯತನಕ ಸಂಬಳ ಉಂಟು, ಲ್ಯಾಪ್‌ಟಾಪ್ ಮಾತ್ರ ಈಗಲೇ ವಾಪಸ್ ಕೊಡಬೇಕು, ಜೊತೆಗಿರುವ ಒಪ್ಪಂದಕ್ಕೆ ಸಹಿ ಹಾಕಿದರೆ ಪರಿಹಾರದ ಹಣ ಬರುತ್ತದೆ. ಅಷ್ಟೇ. ನಾನು ಅಲ್ಲಿ ಕ್ಯೂಎ ಲೀಡ್. ಬ್ಯಾಂಕಿನಿಂದ ಬರುವ ಸೆಟಲ್‌ಮೆಂಟ್ ಫೈಲಿಗೂ ನಮ್ಮ ಲೆಕ್ಕಕ್ಕೂ ತಾಳೆ ಆಗುತ್ತಿದೆಯೇ ಎಂದು ನೋಡುವ ರೀಕನ್ಸಿಲಿಯೇಶನ್ ಸಾಫ್ಟ್‌ವೇರನ್ನು ಪರೀಕ್ಷಿಸುವುದು ನಮ್ಮ ತಂಡದ ಕೆಲಸವಾಗಿತ್ತು.

ಸಂಜೆಯೊಳಗೆ ತಂಡದ ಇಬ್ಬರು ಆಗಲೇ ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕಿದ್ದರು. ಒಬ್ಬನದು ಭಾರವಾದ ಹೃದಯದಿಂದ ಶುರುವಾಗಿ, ಕಂಪನಿಗೆ ಕೃತಜ್ಞತೆ ಹೇಳಿ, ಕೊನೆಗೆ ‘ಯಾವ ಕೆಲಸವಾದರೂ ಸರಿ, ದಯವಿಟ್ಟು ಸಹಾಯ ಮಾಡಿ’ ಎನ್ನುವಲ್ಲಿಗೆ ಬಂದು ನಿಂತಿತ್ತು. ಕೆಳಗೆ ನೂರಾರು ಕಾಮೆಂಟು, ಎಲ್ಲ ‘ಧೈರ್ಯವಾಗಿರಿ’ ಬಗೆಯವು. ಅವನು ಏನು ಕೆಲಸ ಬಲ್ಲವನು ಎಂಬುದು ಮಾತ್ರ ಇಡೀ ಪೋಸ್ಟಿನಲ್ಲಿ ಎಲ್ಲೂ ಇರಲಿಲ್ಲ. ಹುಡುಗ ಜಾಣ, ನನಗೆ ಗೊತ್ತು. ಓದಿದ ಅಪರಿಚಿತರಿಗೆ ಹೇಗೆ ಗೊತ್ತಾಗಬೇಕು?

ನನ್ನ ನಾದಿನಿ ಬೇರೆ ಕಂಪನಿಗಳಿಗೆ ಜನ ಹುಡುಕಿಕೊಡುವ ಸಂಸ್ಥೆಯೊಂದರಲ್ಲಿ ರಿಕ್ರೂಟರ್. ದಿನವಿಡೀ ಲಿಂಕ್ಡ್‌ಇನ್‌ನ ಆ ಕಡೆಯಿಂದ ನಮ್ಮಂಥವರನ್ನು ನೋಡುವವಳು. ಫೋನ್ ಮಾಡಿದೆ. ಸಮಾಧಾನದ ಮಾತು ಒಂದೆರಡು ಆದ ಮೇಲೆ ನೇರ ವಿಷಯಕ್ಕೆ ಬಂದಳು.

“ಅತ್ತಿಗೆ, ಇವತ್ತು ಏನೂ ಪೋಸ್ಟ್ ಹಾಕಬೇಡಿ. ಮೊದಲು ಆ ಒಪ್ಪಂದ ಓದಿ. ಭಾನುವಾರ ಮನೆಗೆ ಬರ್ತೀನಿ, ಕೂತು ಮಾಡೋಣ.”

ಓದಿದೆ. ಕಂಪನಿಯ ಬಗ್ಗೆ ಸಾರ್ವಜನಿಕವಾಗಿ ಕೆಟ್ಟದಾಗಿ ಮಾತಾಡಬಾರದು, ಗ್ರಾಹಕ ಬ್ಯಾಂಕುಗಳ ಹೆಸರು ಎಲ್ಲೂ ಹೇಳಬಾರದು ಎಂದಿತ್ತು. ಇಂಥ ಷರತ್ತುಗಳು ಈ ಒಪ್ಪಂದಗಳಲ್ಲಿ ಸಾಮಾನ್ಯ. ನಾನು ಮನಸ್ಸಿನಲ್ಲೇ ಬರೆದುಕೊಂಡಿದ್ದ ಪೋಸ್ಟಿನಲ್ಲಿ ಇವೆರಡೂ ಧಾರಾಳವಾಗಿದ್ದವು.

ಭಾನುವಾರ ತಿಂಡಿ ಆದ ಮೇಲೆ ಊಟದ ಮೇಜಿನ ಮೇಲೇ ಗಂಡನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ನಾನು ಪೋಸ್ಟಿನಿಂದ ಶುರುಮಾಡೋಣ ಅಂದೆ. ಅವಳು ಒಪ್ಪಲಿಲ್ಲ. ಪೋಸ್ಟ್ ಓದಿದವರು ಮುಂದಿನ ಕ್ಷಣ ಹೆಸರಿನ ಮೇಲೆ ಒತ್ತಿ ಪ್ರೊಫೈಲಿಗೆ ಬರುತ್ತಾರೆ, ಅಲ್ಲಿ ಹಳೆಯದೇ ಇದ್ದರೆ ಬಂದ ಹಾಗೇ ಹೋಗುತ್ತಾರೆ ಎಂಬುದು ಅವಳ ಲೆಕ್ಕ. ಹಾಗಾಗಿ ಮೊದಲು ಪ್ರೊಫೈಲ್. ಅದಕ್ಕೂ ಮುಂಚೆ, ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೈಲ್ ಬದಲಾವಣೆಗಳನ್ನು ಬಳಗಕ್ಕೆಲ್ಲ ತಿಳಿಸುವ ಆಯ್ಕೆಯನ್ನು ಆಫ್ ಮಾಡಿದಳು. ಇಲ್ಲವಾದರೆ ನಾವು ತಿದ್ದಿದ್ದರಲ್ಲಿ ಕೆಲವು ಸುದ್ದಿಯಾಗಿ ಹೊರಗೆ ಹೋಗುತ್ತಿದ್ದವು, ನಾವು ಹೇಳುವ ಮುಂಚೆಯೇ.

ಹೆಸರಿನ ಕೆಳಗಿನ ಹೆಡ್‌ಲೈನ್‌ಗೆ ಸಿಗುವುದು 220 ಅಕ್ಷರ. ಆದರೆ ಹುಡುಕಾಟದ ಪಟ್ಟಿಯಲ್ಲಿ, ಯಾರದೋ ಪೋಸ್ಟಿಗೆ ಹಾಕಿದ ಕಾಮೆಂಟಿನ ಪಕ್ಕದಲ್ಲಿ, ಮೊಬೈಲ್‌ನಲ್ಲಿ, ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಅಲ್ಲಿ ‘ಹೊಸ ಅವಕಾಶಗಳ ಹುಡುಕಾಟದಲ್ಲಿ’ ಎಂದು ಶುರುಮಾಡಿದರೆ ಕಾಣುವ ಜಾಗವೆಲ್ಲ ಅದಕ್ಕೇ ಖರ್ಚು. ನಮ್ಮ ಕಂಪನಿ ನನಗೆ ಕೊಟ್ಟಿದ್ದ ಹುದ್ದೆಯ ಹೆಸರು ಇನ್ನೊಂದು ತೊಡಕು. ಒಳಗಿನವರಿಗಷ್ಟೇ ಅರ್ಥವಾಗುವ ಆ ಹೆಸರನ್ನು ಯಾವ ರಿಕ್ರೂಟರೂ ಹುಡುಕುವುದಿಲ್ಲ ಅಂದಳು. ಕೊನೆಗೆ ಹೀಗೆ ನಿಂತಿತು:

`QA Lead | Payments, UPI reconciliation | API automation in Java | Available immediately`

ಕೊನೆಯ ಎರಡು ಪದ ತೆಗೆದುಬಿಡೋಣ, ಕೆಲಸ ಹೋಗಿದೆ ಎಂದು ಡಂಗುರ ಸಾರಿದ ಹಾಗಾಗುತ್ತದೆ ಎಂದು ನಾನು. ಅವಳು ನಕ್ಕಳು. “ಇಲ್ಲಿ ಎಲ್ಲರದೂ ಅರವತ್ತು ದಿನ, ತೊಂಬತ್ತು ದಿನ ನೋಟಿಸ್ ಪಿರಿಯಡ್ ಅತ್ತಿಗೆ. ಆಫರ್ ಕೊಟ್ಟು ಮೂರು ತಿಂಗಳು ಕಾದು, ಕೊನೇ ವಾರದಲ್ಲಿ ಬರಲ್ಲ ಅಂತಾರೆ. ಸೋಮವಾರ ಸೇರ್ತೀನಿ ಅನ್ನೋರು ಸಿಕ್ಕರೆ ನಮಗೆ ಹಬ್ಬ. ಅದನ್ನ ಯಾಕೆ ಮುಚ್ಚಿಡ್ತೀರಿ?” ಹಾಗೆ ಅದು ಉಳಿಯಿತು. ನಾಚಿಕೆ ಎಂದುಕೊಂಡದ್ದನ್ನು ಅವಳು ಮಾರಾಟದ ಸರಕು ಮಾಡಿಬಿಟ್ಟಳಲ್ಲ ಎಂದು ಸ್ವಲ್ಪ ಹೊತ್ತು ಅಚ್ಚರಿಪಟ್ಟೆ.

ಕೆಲಸದ ಅವಧಿಯ ಕಡೆ ಬಂದಾಗ ಇನ್ನೊಂದು ಚರ್ಚೆ. ಮುಂದಿನ ಕೆಲಸ ಸಿಗುವತನಕ ‘Present’ ಎಂದೇ ಬಿಟ್ಟುಬಿಡು ಎಂದು ಗೆಳತಿಯೊಬ್ಬಳು ಹೇಳಿದ್ದಳು. ನಾದಿನಿಗೆ ಅದು ಸುತರಾಂ ಆಗದು. ಆಫರ್ ಆದ ಮೇಲೆ ಹಿನ್ನೆಲೆ ಪರಿಶೀಲನೆ ಮಾಡುವವರು ರಿಲೀವಿಂಗ್ ಲೆಟರ್ ಕೇಳುತ್ತಾರೆ, ಪಿಎಫ್ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕ ಇರುತ್ತದೆ. ಅಲ್ಲೊಂದು ಇಲ್ಲೊಂದು ಕಂಡರೆ ವಜಾ ಆದದ್ದಕ್ಕಿಂತ ಸುಳ್ಳು ಹೇಳಿದ್ದು ದೊಡ್ಡದಾಗುತ್ತದೆ. ತಿಂಗಳ ಕೊನೆಯತನಕ ‘Present’, ಮಾರನೆಯ ದಿನ ಮುಗಿದ ತಿಂಗಳು ಎಂದು ಗೊತ್ತುಮಾಡಿಕೊಂಡೆವು.

ಆಮೇಲೆ ಹಸಿರು ಪಟ್ಟಿಯ ಮಾತು. ಪ್ರೊಫೈಲಿನಲ್ಲಿ `Open to` ಒತ್ತಿ ಕೆಲಸ ಹುಡುಕುವ ಆಯ್ಕೆ ತೆರೆದರೆ ಹುದ್ದೆಗಳ ಹೆಸರು, ಊರು, ಆಫೀಸೋ ಮನೆಯೋ, ಯಾವಾಗಿನಿಂದ ಎಂದೆಲ್ಲ ಕೇಳುತ್ತದೆ. ಹುದ್ದೆಯ ಹೆಸರು ಐದರತನಕ ಕೊಡಬಹುದು. ನಾನು ಐದನ್ನೂ ತುಂಬಲು ಹೊರಟಿದ್ದೆ, ಟೆಸ್ಟರ್‌ನಿಂದ ಪ್ರಾಡಕ್ಟ್ ಮ್ಯಾನೇಜರ್‌ವರೆಗೆ. ಅವಳು ಒಂದಕ್ಕೊಂದು ಹತ್ತಿರವಿರುವ ಮೂರಕ್ಕೆ ನಿಲ್ಲಿಸಿದಳು. ಕೊನೆಗೆ ಯಾರಿಗೆ ಕಾಣಬೇಕು ಎಂಬ ಪ್ರಶ್ನೆ ಬರುತ್ತದೆ. `Recruiters only` ಎಂದರೆ ಲಿಂಕ್ಡ್‌ಇನ್‌ನ ರಿಕ್ರೂಟರ್ ಸಾಧನವನ್ನು ದುಡ್ಡು ಕೊಟ್ಟು ಬಳಸುವವರಿಗೆ ಮಾತ್ರ. `All LinkedIn members` ಎಂದರೆ ಫೋಟೋ ಸುತ್ತ `#OpenToWork` ಎಂಬ ಹಸಿರು ಪಟ್ಟಿ. ಈ ಪಟ್ಟಿ ಬಂದದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಅಂದಿನಿಂದಲೂ ಅದು ದೀನತೆಯ ಗುರುತು ಎನ್ನುವವರು, ಅದರಲ್ಲೇನು ತಪ್ಪು ಎನ್ನುವವರು ಜಗಳವಾಡುತ್ತಲೇ ಇದ್ದಾರೆ.

ನಾದಿನಿಯ ಮಾತು ಈ ಜಗಳದ ಹೊರಗಿತ್ತು. ಅವಳಂಥವರು ಹುಡುಕುವಾಗ ಕೆಲಸಕ್ಕೆ ಸಿದ್ಧ ಇರುವವರನ್ನು ಮಾತ್ರ ಸೋಸುವ ಫಿಲ್ಟರ್ ಒಂದಿದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ನಾನು ಅದರಲ್ಲಿ ಬರುತ್ತೇನೆ. ಹಾಗಾಗಿ ಪಟ್ಟಿ ಇರುವುದು ರಿಕ್ರೂಟರ್‌ಗಳಿಗಾಗಿ ಅಲ್ಲ, ಆ ಸಾಧನ ಇಲ್ಲದವರಿಗಾಗಿ: ಹಳೆಯ ಸಹೋದ್ಯೋಗಿಗಳು, ಹಿಂದಿನ ಮ್ಯಾನೇಜರ್‌ಗಳು, ಒಟ್ಟಿಗೆ ಕೆಲಸ ಮಾಡಿದ ಬ್ಯಾಂಕಿನ ಕಡೆಯವರು. “ನಿಮಗೆ ಈ ಹಿಂದೆ ಕೆಲಸ ಹೇಗೆ ಸಿಕ್ಕಿತ್ತು?” ಎಂದಳು. ಎರಡು ಸಲವೂ ಪರಿಚಯದಿಂದಲೇ. “ಹಾಗಾದ್ರೆ ಅವರಿಗೆ ಗೊತ್ತಾಗಬೇಕಲ್ವಾ?”

ನಾನು ಮಾಡಿದ್ದು ಇಷ್ಟು. ಕೊನೆಯ ದಿನದವರೆಗೆ ರಿಕ್ರೂಟರ್‌ಗಳಿಗೆ ಮಾತ್ರ. ಸಹಿ ಆಗಿ, ರಿಲೀವಿಂಗ್ ಲೆಟರ್ ಕೈಗೆ ಬಂದ ಮೇಲೆ ಪಟ್ಟಿ ಹಾಕಿ, ಅದೇ ಬೆಳಿಗ್ಗೆ ಪೋಸ್ಟ್. ಇಂಗ್ಲಿಷಿನಲ್ಲಿ ಬರೆದದ್ದು, ಕನ್ನಡದಲ್ಲಿ ಹೇಳಬೇಕೆಂದರೆ ಹೀಗಿತ್ತು:

“ನಮ್ಮ ಕಂಪನಿ ಯುಪಿಐ ರೀಕನ್ಸಿಲಿಯೇಶನ್ ವಿಭಾಗವನ್ನು ಮುಚ್ಚಿದ್ದರಿಂದ ಅಲ್ಲಿನ ಕ್ಯೂಎ ಲೀಡ್ ಆಗಿದ್ದ ನನ್ನ ಹುದ್ದೆ ಕಳೆದ ತಿಂಗಳಿಗೆ ಮುಗಿಯಿತು. ಗ್ರಾಹಕರ ಖಾತೆಯಿಂದ ಹಣ ಕಡಿತವಾಗಿ, ಆ ಕಡೆಯಿಂದ ಉತ್ತರವೇ ಬಾರದೆ ನಡುವೆ ನಿಂತ ವ್ಯವಹಾರಗಳನ್ನು ಸಾಫ್ಟ್‌ವೇರ್ ಸರಿಯಾಗಿ ಹಿಡಿಯುತ್ತದೆಯೇ, ಹಣ ಎರಡು ಸಲ ಹಿಂದಿರುಗುವುದಿಲ್ಲವೇ ಎಂದು ಪ್ರತಿ ರಾತ್ರಿ ತಾನಾಗಿ ನೋಡುವ ಪರೀಕ್ಷೆಗಳನ್ನು ನನ್ನ ತಂಡ ಕಟ್ಟಿತು. ಬೆಂಗಳೂರಿನಲ್ಲಿ ಅಥವಾ ಮನೆಯಿಂದ, ಪೇಮೆಂಟ್ಸ್ ಇಲ್ಲವೇ ಸಾಲ ಕೊಡುವ ಕಂಪನಿಗಳಲ್ಲಿ ಇದೇ ಬಗೆಯ ಕೆಲಸ ನೋಡುತ್ತಿದ್ದೇನೆ. ತಕ್ಷಣ ಸೇರಬಲ್ಲೆ. ನಿಮ್ಮಲ್ಲಿ ಸೆಟಲ್‌ಮೆಂಟ್ ತಂಡ ನಡೆಸುವವರು ಯಾರಾದರೂ ಇದ್ದರೆ ಪರಿಚಯ ಮಾಡಿಸಿ.”

ಕೆಲಸ ಹೋದ ಸುದ್ದಿಗೆ ಒಂದೇ ವಾಕ್ಯ, ಅದರೊಳಗೇ ಕಾರಣವೂ ನನ್ನ ಕ್ಷೇತ್ರವೂ. ಫೀಡ್‌ನಲ್ಲಿ ಮೊದಲ ಮೂರ್ನಾಲ್ಕು ಸಾಲು ಕಂಡು ಉಳಿದದ್ದು ಮಡಚಿಕೊಳ್ಳುವುದರಿಂದ, ಮುಂದೆ ಓದದವರಿಗೂ ನಾನು ಯಾರೆಂದು ತಿಳಿಯಬೇಕಿತ್ತು. ‘ಯಾವ ಕೆಲಸವಾದರೂ’ ಎಂಬ ಮಾತನ್ನು ನಾದಿನಿ ಬರೆಯಲೇ ಬಿಡಲಿಲ್ಲ. ಏನು ಬೇಕಾದರೂ ಎಂದರೆ ಓದುವವರಿಗೆ ಯಾರ ಮುಖವೂ ನೆನಪಾಗುವುದಿಲ್ಲ, ಸೆಟಲ್‌ಮೆಂಟ್ ತಂಡ ಎಂದರೆ ಒಬ್ಬರಾದರೂ ನೆನಪಾಗುತ್ತಾರೆ.

ಕಾಮೆಂಟುಗಳಲ್ಲಿ ಸಂತಾಪ ಬಂದೇ ಬಂತು. ಪ್ರತಿಯೊಂದಕ್ಕೂ ವಂದನೆ ಹೇಳಿ, ಹೇಳಿದವರ ಕಂಪನಿಯಲ್ಲಿ ನನಗೆ ಹೊಂದುವ ಹುದ್ದೆ ತೆರೆದಿದೆಯೇ ಎಂದು ನಾನೇ ಹೋಗಿ ನೋಡಿ, ಇದ್ದರೆ ಮಾತ್ರ ಖಾಸಗಿಯಾಗಿ ಬರೆದೆ: ಜಾಬ್ ಐಡಿ, ರೆಸ್ಯೂಮೆ, ಮತ್ತು ಅವರು ರೆಫರಲ್ ಫಾರ್ಮಿನಲ್ಲಿ ಹಾಗೇ ಅಂಟಿಸಬಹುದಾದ ಎರಡು ಸಾಲು. ‘ನಿಮ್ಮಲ್ಲಿ ಏನಾದರೂ ಇದ್ದರೆ ಹೇಳಿ’ ಎಂದು ಕೇಳಿದರೆ ಹುಡುಕುವ ಕೆಲಸ ಅವರ ತಲೆಗೆ ಬೀಳುತ್ತದೆ, ಒಳ್ಳೆಯ ಮನಸ್ಸಿನವರೂ ನಾಳೆ ನೋಡೋಣ ಎಂದು ಮರೆಯುತ್ತಾರೆ.

ಹಸಿರು ಪಟ್ಟಿಯ ಇನ್ನೊಂದು ಫಲವೂ ಬೇಗ ಸಿಕ್ಕಿತು. ವಾಟ್ಸಾಪ್, ಟೆಲಿಗ್ರಾಂಗೆ ಬನ್ನಿ ಎನ್ನುವವರು, ನೋಂದಣಿ ಶುಲ್ಕ ಕಟ್ಟಿದರೆ ಇಂಟರ್‌ವ್ಯೂ ಖಚಿತ ಎನ್ನುವವರು, ವಿದೇಶದ ಕೆಲಸಕ್ಕೆ ಪಾಸ್‌ಪೋರ್ಟ್ ಪ್ರತಿ ಕೇಳುವವರು. ನಾನು ನೋಡುತ್ತಿದ್ದದ್ದು ಎರಡನ್ನೇ: ಮೇಲ್ ಕಂಪನಿಯ ಸ್ವಂತ ಡೊಮೈನ್‌ನಿಂದ ಬಂದಿದೆಯೇ, ಆ ಹುದ್ದೆ ಕಂಪನಿಯ ಜಾಲತಾಣದಲ್ಲಿ ಇದೆಯೇ. ದುಡ್ಡು ಕೇಳಿದರಂತೂ ಅಲ್ಲಿಗೇ ಮುಗಿಯಿತು. ಪೋಸ್ಟ್ ಓಡಾಡುವುದು ನಿಂತ ಮೇಲೆ ಪಟ್ಟಿಯಿಂದ ಬರುತ್ತಿದ್ದವರಲ್ಲಿ ಇಂಥವರೇ ಹೆಚ್ಚಾದರು. ಮತ್ತೆ `Recruiters only` ಮಾಡಿದೆ, ಫೋಟೋ ಮೊದಲಿನಂತಾಯಿತು.

ನಿಜವಾದ ರಿಕ್ರೂಟರ್ ಒಬ್ಬರು ಫೋನಿನಲ್ಲಿ, ಈಗ ಕೆಲಸದಲ್ಲಿ ಇಲ್ಲವಲ್ಲ, ಹಿಂದಿನ ಸಂಬಳಕ್ಕಿಂತ ಕಡಿಮೆಯಾದರೂ ನಡೆಯುತ್ತದಲ್ಲವೇ ಎಂದರು. ಈ ಹುದ್ದೆಗೆ ನಿಮ್ಮ ಕಂಪನಿ ಇಟ್ಟಿರುವ ಮಿತಿ ಎಷ್ಟು ಎಂದು ಕೇಳಿದೆ. ಹೇಳಿದರು. ಹೊಂದಲಿಲ್ಲ, ವಂದನೆ ಹೇಳಿ ಇಟ್ಟೆ. ಕೈ ಸ್ವಲ್ಪ ನಡುಗುತ್ತಿತ್ತು ಎಂಬುದು ಅವರಿಗೆ ಕಾಣುವಂತಿರಲಿಲ್ಲ.

ಕೊನೆಗೆ ಕೆಲಸ ಬಂದದ್ದು ನನ್ನ ಪೋಸ್ಟಿಗೆ ಲೈಕನ್ನೂ ಒತ್ತದ ಒಬ್ಬರಿಂದ. ಹಳೆಯ ಕಂಪನಿಯಲ್ಲಿ ಬೇರೆ ಮಹಡಿಯಲ್ಲಿ ಕೂರುತ್ತಿದ್ದವರು, ಸುಮ್ಮನೆ ಓದಿ ತಮ್ಮ ಮ್ಯಾನೇಜರ್‌ಗೆ ಕಳಿಸಿದ್ದರಂತೆ. ಆ ಮ್ಯಾನೇಜರ್ ಮೊದಲ ಮಾತಿನಲ್ಲೇ ಕೇಳಿದ್ದು, “ಮೇಡಂ, ಹಣ ಎರಡು ಸಲ ವಾಪಸ್ ಹೋಗೋದನ್ನ ನೀವು ಹೇಗೆ ಹಿಡೀತಿದ್ರಿ? ನಮ್ಮಲ್ಲಿ ಅದೇ ತಲೆನೋವು.” ಲೇಆಫ್ ವಿಚಾರ ಅವರು ಎತ್ತಿದ್ದು ಮುಕ್ಕಾಲು ಗಂಟೆ ಕಳೆದ ಮೇಲೆ, ಅದೂ ಯಾವ ದಿನದಿಂದ ಬರಬಹುದು ಎಂದು ಕೇಳಲಿಕ್ಕೆ.