ನೆತ್ತಿಯ ಮೇಲೆ ಬಂದಾಗಲೇ ಕಡಿಯುತ್ತಿದ್ದ ಲಿಂಕ್

ಭೂಸ್ಥಿರ ಉಪಗ್ರಹಗಳ ಲಿಂಕ್‌ಗಳಲ್ಲಿ ಪಳಗಿದ ಎಂಜಿನಿಯರುಗಳು ಕೆಳಕಕ್ಷೆಯ ಕೆಲಸಕ್ಕೆ ಬಂದಾಗ ಮೊದಲು ಮಾತನಾಡುವುದು ವಿಳಂಬದ ಬಗ್ಗೆ. 35,786 ಕಿ.ಮೀ. ಎತ್ತರದ ಉಪಗ್ರಹದ ಮೂಲಕ ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡು ಬೇಕು, 550 ಕಿ.ಮೀ. ಎತ್ತರದಲ್ಲಿ, ಉಪಗ್ರಹ ನೇರ ಮೇಲಿದ್ದರೆ, ಅದೇ ಪಯಣ 8 ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ. ಆದರೆ ಭೂಕೇಂದ್ರದ ದಿನಚರಿಯನ್ನು ಬದಲಿಸುವುದು ವಿಳಂಬವಲ್ಲ. ಭೂಸ್ಥಿರ ಉಪಗ್ರಹ ಭೂಮಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರದೇಶಕ್ಕೆ ಸದಾ ಕಾಣುತ್ತದೆ, ಆಂಟೆನಾವನ್ನು ಒಮ್ಮೆ ಗುರಿಯಿಟ್ಟರೆ ಸಾಕು. ಕೆಳಕಕ್ಷೆಯದು ದಿಗಂತದಿಂದ ದಿಗಂತಕ್ಕೆ ಹೆಚ್ಚೆಂದರೆ ಸುಮಾರು 12 ನಿಮಿಷ ಕಂಡು ಮರೆಯಾಗುತ್ತದೆ, ಮತ್ತು ಆ ಅವಧಿಯುದ್ದಕ್ಕೂ ಅದರ ಆವರ್ತನ ಜಾರುತ್ತಲೇ ಇರುತ್ತದೆ.

ನಮ್ಮ ಕೇಂದ್ರದಲ್ಲಿ 2.2 ಗಿಗಾಹರ್ಟ್ಸ್‌ನ ಲಿಂಕೊಂದು ದಿಗಂತದ ಬಳಿ ಚೆನ್ನಾಗಿದ್ದು, ಉಪಗ್ರಹ ನೆತ್ತಿಯ ಮೇಲೆ ಬಂದಾಗಲೇ ಕಡಿಯುತ್ತಿತ್ತು. ಉಪಗ್ರಹದ ಚಲನೆಯಿಂದ ಆವರ್ತನ ಜಾರುವ ಪ್ರಮಾಣ, ಅಂದರೆ ಡಾಪ್ಲರ್ ಪಲ್ಲಟ, ದಿಗಂತದಲ್ಲಿ ಸುಮಾರು 50 ಕಿಲೋಹರ್ಟ್ಸ್, ನೆತ್ತಿಯಲ್ಲಿ ಸೊನ್ನೆ. ಹೀಗಿರುವಾಗ ಸೊನ್ನೆಯ ಬಳಿ ತೊಂದರೆಯೇಕೆ ಎಂಬ ಪ್ರಶ್ನೆ ಎದ್ದದ್ದು ಸಹಜ. ಅಲ್ಲಿ ಪಲ್ಲಟ ಸೊನ್ನೆಯಾದರೂ ಅದು ಬದಲಾಗುವ ವೇಗ ಅತ್ಯಧಿಕ: ಸೆಕೆಂಡಿಗೆ ಸುಮಾರು 700 ಹರ್ಟ್ಸ್.

ಮೊದಲ ಅನುಮಾನ ಆಂಟೆನಾದ ಮೇಲೆ ಹೋಯಿತು, ಏಕೆಂದರೆ ನೆತ್ತಿಯ ಬಳಿ ದಿಗಂಶದ ಮೋಟಾರು ಬಹಳ ಬೇಗ ತಿರುಗಬೇಕಾಗುತ್ತದೆ. ಆಂಟೆನಾ ಹಿಂದುಳಿದಿದ್ದರೆ ಸಂಕೇತದ ಶಕ್ತಿ ಕುಸಿಯಬೇಕಿತ್ತು. ದಾಖಲೆಯಲ್ಲಿ ಶಕ್ತಿ ಕುಗ್ಗದೆ, ವಾಹಕದ ಆವರ್ತನದ ಮೇಲೆ ರಿಸೀವರಿಗಿದ್ದ ಹಿಡಿತ, ಅಂದರೆ ಲಾಕ್, ಮಾತ್ರ ತಪ್ಪಿತ್ತು. ಆವರ್ತನವನ್ನು ಹಿಂಬಾಲಿಸುವ ರಿಸೀವರಿನ ಲೂಪನ್ನು ಅಗಲಿಸಿ ಲಾಕ್ ಉಳಿಸಬಹುದೆಂಬ ಸಲಹೆ ಬಂತು. ನನಗದು ಒಪ್ಪಿಗೆಯಾಗಲಿಲ್ಲ: ದಿಗಂತದಲ್ಲಿ ದೂರ ನೆತ್ತಿಗಿಂತ ಸುಮಾರು ಐದು ಪಟ್ಟು, ಸಂಕೇತದ ಶಕ್ತಿ ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟೇ ಇರುವುದರಿಂದ, ಅಗಲ ಲೂಪಿನೊಳಗೆ ನುಗ್ಗುವ ಗದ್ದಲವನ್ನು ಅಲ್ಲಿ ತಡೆಯಲಾಗದು.

ಬದಲಿಗೆ, ರಿಸೀವರನ್ನು ಹೊಂದಿಸಲು ಕಕ್ಷೆಯ ಅಂಶಗಳಿಂದ ಮೊದಲೇ ಲೆಕ್ಕಹಾಕಿದ ಆವರ್ತನವನ್ನು ಅಳೆದದ್ದರಿಂದ ಕಳೆದು, ಉಳಿಕೆಯ ನಕ್ಷೆ ಬರೆದೆವು. ಎರಡೂ ಅಂಚುಗಳಲ್ಲಿ ಅದು ಸೊನ್ನೆಯ ಬಳಿಯಿದ್ದು, ನಡುವೆ ಗಂಟೆಯಾಕಾರದಲ್ಲಿ ಉಬ್ಬಿತ್ತು. ತುದಿ ಸುಮಾರು 700 ಹರ್ಟ್ಸ್. ಅಂದರೆ ನಮ್ಮ ಮುನ್ಲೆಕ್ಕ ಒಂದು ಸೆಕೆಂಡು ಆಚೀಚೆಯಾಗಿತ್ತು. ಸ್ಥಳೀಯ ಆಂದೋಲಕ ಜಾರಿದ್ದರೆ ಉಳಿಕೆ ಉಬ್ಬದೆ ಉದ್ದಕ್ಕೂ ಸಮನಾಗಿರುತ್ತಿತ್ತು. ಭೂಸ್ಥಿರ ಲಿಂಕ್‌ಗಳಲ್ಲಿ ಆಂಟೆನಾದ ಮೇಲೆಯೇ ಕೂರುವ ಗ್ರಾಹಕ ಘಟಕವಾದ ಎಲ್‌ಎನ್‌ಬಿಯ ಇಂಥ ಜಾರುವಿಕೆಯೇ ಮುಖ್ಯ ತಲೆನೋವು, ಡಾಪ್ಲರ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಒಂದು ಸೆಕೆಂಡಿನ ವ್ಯತ್ಯಾಸಕ್ಕೆ ಎರಡು ಕಾರಣಗಳು ಸಾಧ್ಯ. ಕಕ್ಷೆಯ ಅಂಶಗಳು ಹಳತಾಗಿ ಉಪಗ್ರಹ ತನ್ನ ಹಾದಿಯಲ್ಲಿ ಏಳೂವರೆ ಕಿ.ಮೀ. ಮುಂದೆಯೋ ಹಿಂದೆಯೋ ಇರಬಹುದು, ಇಲ್ಲವೇ ಕೇಂದ್ರದ ಗಡಿಯಾರವೇ ತಪ್ಪಿರಬಹುದು. ಮೊದಲನೆಯದಾದರೆ ದೋಷ ಆ ಒಂದು ಉಪಗ್ರಹದಲ್ಲಷ್ಟೇ ಕಾಣಬೇಕು. ಅದೇ ಎತ್ತರದ ಬೇರೊಂದು ಉಪಗ್ರಹ ನೆತ್ತಿಯ ಮೇಲೆ ಹಾದುಹೋದಾಗಲೂ ಅಷ್ಟೇ ಉಬ್ಬು, ಅದೇ ದಿಕ್ಕಿಗೆ ಕಂಡಿತು. ಟ್ರ್ಯಾಕಿಂಗ್ ಕಂಪ್ಯೂಟರು ಜಿಪಿಎಸ್ ಸಮಯದ ಮೂಲದೊಂದಿಗೆ ಸಂಪರ್ಕ ಕಳೆದುಕೊಂಡು ತನ್ನಷ್ಟಕ್ಕೆ ಓಡುತ್ತಿತ್ತು. ಆಂಟೆನಾದ ಕಿರಣ ಅಗಲವಾಗಿದ್ದುದರಿಂದ ಗುರಿಯ ತಪ್ಪು ಶಕ್ತಿಯಲ್ಲಿ ಕಾಣಲಿಲ್ಲ. ಸಮಯ ಸರಿಪಡಿಸಿದ ಮೇಲೆ ಉಳಿಕೆ ಕೆಲವು ಹತ್ತು ಹರ್ಟ್ಸ್‌ಗೆ ಇಳಿಯಿತು. ಲೂಪನ್ನು ಇದ್ದ ಅಗಲದಲ್ಲೇ ಬಿಟ್ಟೆವು.