ಕಾಕಾನ ‘ಪ್ಯಾಟಿ’, ಹುಡುಗಿಯ ‘ಪ್ಯಾಟಿ’: ಎರಡು ಬಾಯಿಗಳ ಸ್ವರವನ್ನು ಒಂದೇ ಅಳತೆಗೆ ತರುವ ಲೆಕ್ಕ

ಬೆಟಗೇರಿಯ ಧ್ವನಿಮುದ್ರಣಗಳ ಕೆಲಸ ಈಗ ಅಳತೆಯ ಹಂತಕ್ಕೆ ಬಂದಿದೆ. ಹಗಲು ಹೊತ್ತಿನಲ್ಲಿ ಪಕ್ಕದ ಓಣಿಯ ಮಗ್ಗಗಳ ಸದ್ದು ಬಿಡುವುದಿಲ್ಲ. ಆದ್ದರಿಂದ ಎಲ್ಲವನ್ನೂ ರಾತ್ರಿ ಊಟದ ನಂತರ ಹಿಂದಿನ ಕೋಣೆಯಲ್ಲಿ ಮುದ್ರಿಸಿದ್ದೇನೆ. ಮಾತನಾಡಿದವರು ಮೂವರು: ಆಯಿ, ಕಾಕಾ ಮತ್ತು ಕಾಕಾನ ಹನ್ನೆರಡು ವರ್ಷದ ಮೊಮ್ಮಗಳು. ನನ್ನ ಪ್ರಶ್ನೆ ಚಿಕ್ಕದು. ಪುಸ್ತಕದಲ್ಲಿ ‘ಪೇಟೆ’, ‘ಬೇಡ’ ಎಂದು ಇರುವುದನ್ನು ನಮ್ಮ ಕಡೆ ‘ಪ್ಯಾಟಿ’, ‘ಬ್ಯಾಡ’ ಎನ್ನುತ್ತೇವೆ. ಈ ‘ಪ್ಯಾ’ದ ಸ್ವರ ಏಕಾರಕ್ಕೂ ಆಕಾರಕ್ಕೂ ನಡುವೆ ಇರುತ್ತದೆ. ಶಾಲೆಯ ಕನ್ನಡ ಕೇಳುತ್ತ ಬೆಳೆದ ಹುಡುಗಿಯ ಬಾಯಲ್ಲಿ ಅದು ಏಕಾರದ ಕಡೆಗೆ ಸರಿದಿದೆಯೇ? ‘ಮ್ಯಾಲ’ ಎಂಬ ಪದ ಬೇಕಾದಷ್ಟು ಸಿಕ್ಕರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮಕಾರದ ಅನುನಾಸಿಕತೆ ಸ್ವರಕ್ಕೆ ಅಂಟಿಕೊಂಡು ಎಫ್1ರ ಅಳತೆಯನ್ನು ಕೆಡಿಸುತ್ತದೆ.

ಎಫ್1, ಎಫ್2 ಎಂದರೆ ಧ್ವನಿಮಾರ್ಗದ ಮೊದಲ ಎರಡು ಅನುರಣನೆಗಳು, ಅಂದರೆ ಫಾರ್ಮೆಂಟ್‌ಗಳು. ಬಾಯಿ ಹೆಚ್ಚು ತೆರೆದಷ್ಟೂ ಎಫ್1 ಏರುತ್ತದೆ. ನಾಲಿಗೆ ಮುಂದೆ ಬಂದಷ್ಟೂ ಎಫ್2 ಏರುತ್ತದೆ. ತೊಡಕೆಂದರೆ ಇವೆರಡೂ ಕೊಳವೆಯ ಉದ್ದಕ್ಕೂ ಕಟ್ಟುಬಿದ್ದಿವೆ. ಗಂಟಲಿನ ತುದಿಯಲ್ಲಿ ಮುಚ್ಚಿ ತುಟಿಯ ತುದಿಯಲ್ಲಿ ತೆರೆದ 17.5 ಸೆಂಟಿಮೀಟರ್ ಉದ್ದದ ಸಮಗಾತ್ರದ ಕೊಳವೆ 500, 1500, 2500 ಹರ್ಟ್ಸ್‌ಗಳಲ್ಲಿ ಅನುರಣಿಸುತ್ತದೆ. ಅದನ್ನೇ 14.6 ಸೆಂಟಿಮೀಟರಿಗೆ ಕತ್ತರಿಸಿದರೆ ಅವು 600, 1800, 3000 ಆಗುತ್ತವೆ. ನಾಲಿಗೆ ಕದಲಿಲ್ಲ, ಸ್ವರ ಬದಲಾಗಿಲ್ಲ, ಆದರೂ ಎಲ್ಲ ಅಂಕಿಗಳೂ 1.2 ಪಟ್ಟು ಏರಿವೆ. ಹುಡುಗಿಯ ‘ಪ್ಯಾ’ ಕಾಕಾನದಕ್ಕಿಂತ ಮೇಲಿನ ಅಂಕಿ ತೋರಿಸಿದರೆ ಅದು ಬಾಯಿ ತೆರೆದ ರೀತಿಯೋ, ಬಾಯಿಯ ಗಾತ್ರವೋ ಎಂದು ಹೇಳಲು ಆಗುವುದಿಲ್ಲ. “ಈ ಹುಡುಗಿಯ ಬಾಯಿಯನ್ನೂ ನನ್ನ ಬಾಯಿಯನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀ?” ಎಂದು ಕಾಕಾ ಕೇಳಿದ್ದು ಇದನ್ನೇ. ನಾರ್ಮಲೈಸೇಷನ್ ವಿಧಾನಗಳು ಹುಟ್ಟಿರುವುದು ಇದಕ್ಕಾಗಿ: ಗಾತ್ರದ ವ್ಯತ್ಯಾಸವನ್ನು ಕಳೆಯಬೇಕು, ಉಚ್ಚಾರಣೆಯ ವ್ಯತ್ಯಾಸವನ್ನು ಉಳಿಸಬೇಕು.

ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲೊಬಾನೊವ್ 1971ರಲ್ಲಿ ಸೂಚಿಸಿದ ವಿಧಾನ. ಒಬ್ಬ ವ್ಯಕ್ತಿಯ ಎಲ್ಲ ಸ್ವರಗಳ ಎಫ್1 ಸರಾಸರಿಯನ್ನು ಪ್ರತಿ ಅಳತೆಯಿಂದ ಕಳೆದು, ಮಾನಕ ವಿಚಲನೆಯಿಂದ ಭಾಗಿಸುವುದು. ಎಫ್2ಗೂ ಪ್ರತ್ಯೇಕವಾಗಿ ಹಾಗೆಯೇ ಮಾಡುವುದು. 2004ರಲ್ಲಿ ಅಡಾಂಕ್, ಸ್ಮಿಟ್ಸ್ ಮತ್ತು ವಾನ್ ಹೌಟ್ ಡಚ್ ಸ್ವರಗಳ ಮೇಲೆ ಹಲವು ವಿಧಾನಗಳನ್ನು ಹೋಲಿಸಿದಾಗ ಇದೇ ಮುಂದೆ ಬಂದಿತ್ತು. ನಾನೂ ಇದರಿಂದಲೇ ಶುರು ಮಾಡಿದೆ. ಮೂವರ ಮುದ್ರಣವನ್ನೂ ಲೆಕ್ಕಕ್ಕೆ ಹಾಕಿದಾಗ ಹುಡುಗಿಯ ‘ಪ್ಯಾ’ ಏಕಾರದ ಪಕ್ಕಕ್ಕೇ ಬಂದು ಕೂತಿತು. ನಾನು ಹುಡುಕುತ್ತಿದ್ದ ಕತೆ ಅಷ್ಟು ಸಲೀಸಾಗಿ ಕೈಗೆ ಸಿಕ್ಕಿದ್ದೇ ಅನುಮಾನಕ್ಕೆ ಕಾರಣವಾಯಿತು.

ಹಾಗಾಗಿ ಉತ್ತರ ಮೊದಲೇ ಗೊತ್ತಿರುವ ಪರೀಕ್ಷೆಯೊಂದನ್ನು ಹೂಡಿದೆ. ಕಾಕಾನ ಸ್ವರಗಳಿಗೆ ಹತ್ತಿರದ ದುಂಡು ಅಂಕಿಗಳನ್ನು ಇಟ್ಟುಕೊಂಡೆ. ಎಫ್1: ಈ 300, ಏ 450, ಆ 750, ಓ 450, ಊ 300. ಇವುಗಳ ಸರಾಸರಿ 450, ಮಾನಕ ವಿಚಲನೆ ಸುಮಾರು 184. ಈ ಐದರ ಚೌಕಟ್ಟಿನಲ್ಲಿ 600 ಹರ್ಟ್ಸ್‌ನ ‘ಪ್ಯಾ’ವನ್ನು ಇಟ್ಟರೆ ಅದರ ಸ್ಥಾನ 0.82. ಈಗ ಎಲ್ಲವನ್ನೂ 1.2ರಿಂದ ಗುಣಿಸಿ ಒಬ್ಬ ‘ಕೃತಕ ಹುಡುಗಿ’ಯನ್ನು ಮಾಡಿದೆ. ಇವಳು ಕಾಕಾನಂತೆಯೇ ಮಾತನಾಡುತ್ತಾಳೆ, ಕೊಳವೆ ಮಾತ್ರ ಚಿಕ್ಕದು. ಇವಳ ‘ಪ್ಯಾ’ 720. ಸ್ಥಾನ ಮತ್ತೆ 0.82. ಇಲ್ಲಿಯವರೆಗೆ ವಿಧಾನದಲ್ಲಿ ಕುಂದಿಲ್ಲ.

ಆದರೆ ನಿಜವಾದ ಹುಡುಗಿ ಸ್ವರಗಳನ್ನು ಸರಿಸಮವಾಗಿ ಹಂಚಿ ಮಾತನಾಡಲಿಲ್ಲ. ತೋಂಟದಾರ್ಯ ಮಠದ ಜಾತ್ರೆಯ ಸುದ್ದಿ ಹೇಳಿದಳು. ಜಾತ್ರೆ, ಗಾಡಿ, ಆಟ, ಹಾಡು: ಮಾತಿನ ತುಂಬ ಆಕಾರವೇ. ಕಾಕಾ ಮಾತ್ರ ನಾನು ಬರೆದುಕೊಟ್ಟ ಪಟ್ಟಿಯನ್ನು ಶಿಸ್ತಾಗಿ ಓದಿದ್ದ. ಈ ಅಸಮತೆಯನ್ನು ಕೃತಕ ಹುಡುಗಿಗೂ ಕೊಟ್ಟೆ: ಆಕಾರ ಮೂರು ಬಾರಿ, ಉಳಿದವು ಒಂದೊಂದು ಬಾರಿ. ಸರಾಸರಿ 540ರಿಂದ 643ಕ್ಕೆ ಹಾರಿತು, ಮಾನಕ ವಿಚಲನೆ 220ರಿಂದ 252ಕ್ಕೆ ಏರಿತು. ಅದೇ 720ರ ‘ಪ್ಯಾ’ದ ಸ್ಥಾನ 0.31ಕ್ಕೆ ಕುಸಿಯಿತು. ಅದನ್ನು ಕಾಕಾನ ಅಳತೆಗೆ ತಿರುಗಿಸಿದರೆ 506 ಹರ್ಟ್ಸ್, ಅಂದರೆ ಏಕಾರದ ಅಂಗಳ. ಉಚ್ಚಾರಣೆ ಕೂದಲೆಳೆಯಷ್ಟೂ ಬದಲಾಗದ ಕಡೆ ‘ಶಾಲೆಯ ಪ್ರಭಾವ’ ಕಾಣಿಸಿಕೊಂಡಿತು! ಜಾತ್ರೆಯ ಬದಲು ನೀರು, ಬೀಗ, ಬೀದಿಗಳ ಸುದ್ದಿ ಹೇಳಿದ್ದರೆ ಫಲಿತಾಂಶ ಉಲ್ಟಾ ದಿಕ್ಕಿಗೆ ಓಡುತ್ತಿತ್ತು.

ಇದಕ್ಕೆ ಮದ್ದು ಸುಲಭ: ಮೊದಲು ಪ್ರತಿ ಸ್ವರಕ್ಕೆ ಒಂದು ಸರಾಸರಿ, ಆಮೇಲೆ ಆ ಐದು ಸರಾಸರಿಗಳಿಂದ ಚೌಕಟ್ಟು. ಯಾವ ಸ್ವರ ಎಷ್ಟು ಸಲ ಬಂದಿತೆಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ. ಬಹಳಷ್ಟು ಸಿದ್ಧ ಕೋಡ್ ಈ ಹೆಜ್ಜೆಯನ್ನು ತಾನಾಗಿ ಇಡುವುದಿಲ್ಲ, ನಾವೇ ಇಡಬೇಕು. ಒಬ್ಬರಲ್ಲಿ ಒಂದು ಸ್ವರ ಪೂರ್ತಿ ಇಲ್ಲದಿದ್ದರೆ ಇದೂ ನಡೆಯುವುದಿಲ್ಲ. ಆಗ ಉಳಿದವರಿಂದಲೂ ಆ ಸ್ವರವನ್ನು ಚೌಕಟ್ಟಿನಿಂದ ತೆಗೆಯುವುದೇ ನೇರ ದಾರಿ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಇನ್ನೊಂದು ಪರೀಕ್ಷೆ ತಲೆಗೆ ಬಂತು. ಈ ಸಲ ಗಾತ್ರ ಒಂದೇ, ಉಚ್ಚಾರಣೆ ನಿಜವಾಗಿಯೂ ಬೇರೆ. ಕಾಕಾನ ಅಂಕಿಗಳಲ್ಲಿ ಆಕಾರವನ್ನು ಮಾತ್ರ 750ರಿಂದ 600ಕ್ಕೆ ಇಳಿಸಿದೆ, ಅಂದರೆ ಬಾಯಿ ಅಷ್ಟಾಗಿ ತೆರೆಯದೆ ಆಕಾರ ಹೇಳುವ ಒಬ್ಬ ಮನುಷ್ಯ. ಉಳಿದ ನಾಲ್ಕನ್ನು ಮುಟ್ಟಲಿಲ್ಲ. ಇಂಥವನಲ್ಲಿ ಒಳ್ಳೆಯ ವಿಧಾನ ಆಕಾರ ಸರಿದಿದೆ, ಬೇರೆ ಏನೂ ಸರಿದಿಲ್ಲ ಎನ್ನಬೇಕು. ಲೊಬಾನೊವ್ ಲೆಕ್ಕದಲ್ಲಿ ಸರಾಸರಿ 420ಕ್ಕೂ ಮಾನಕ ವಿಚಲನೆ 125ರ ಆಸುಪಾಸಿಗೂ ಇಳಿದವು. ಆಕಾರದ ಸ್ಥಾನ 1.63ರಿಂದ 1.43ಕ್ಕೆ ಬಂತು. 150 ಹರ್ಟ್ಸ್‌ನ ನಿಜವಾದ ಅಂತರ ಕಾಕಾನ ಅಳತೆಯಲ್ಲಿ ಬರೀ 37 ಹರ್ಟ್ಸ್ ಆಗಿ ಉಳಿಯಿತು. ಇತ್ತ ಕದಲದೇ ಇದ್ದ ಏಕಾರ ಸೊನ್ನೆಯಿಂದ 0.24ಕ್ಕೆ ಏರಿತು, ಈಕಾರ ಕೆಳಗಿಳಿಯಿತು. ಇದು ವಿಧಾನದ ಸ್ವಭಾವ. ಎಲ್ಲರ ಹರವನ್ನೂ ಒಂದೇ ಮಾಡುವುದು ಅದರ ಕೆಲಸ. ಆ ಹರವಿನಲ್ಲೇ ಉಚ್ಚಾರಣೆಯ ವ್ಯತ್ಯಾಸ ಅಡಗಿದ್ದರೆ ಅದನ್ನೂ ಗಾತ್ರವೆಂದು ತಿಳಿದು ಒರೆಸಿಹಾಕುತ್ತದೆ. ಸ್ವರಗಳ ಸರಾಸರಿ ತೆಗೆದು ಸಮ ಮಾಡಿದರೂ ಈ ದೋಷ ಹೋಗುವುದಿಲ್ಲ.

ಇದಕ್ಕೆ ಪರ್ಯಾಯವಾಗಿ ನಿಯರಿಯ 1978ರ ಲಾಗ್ ಸರಾಸರಿ ವಿಧಾನವನ್ನು ಇಳಿಸಿಕೊಂಡೆ. ಲಾಬೋವ್ ಮತ್ತು ಸಂಗಡಿಗರ 2006ರ ಉತ್ತರ ಅಮೆರಿಕದ ಇಂಗ್ಲಿಷ್ ಭೂಪಟವೂ ಇದೇ ಕುಟುಂಬದ ವಿಧಾನವನ್ನು ಬಳಸಿದೆ. ಇದರಲ್ಲಿ ಪ್ರತಿ ವ್ಯಕ್ತಿಗೆ ಒಂದೇ ಒಂದು ಸಂಖ್ಯೆ. ಎಫ್1 ಮತ್ತು ಎಫ್2 ಎರಡರ ಲಾಗ್‌ಗಳನ್ನೂ ಒಟ್ಟಿಗೆ ಸರಾಸರಿ ಮಾಡಿ, ಇವರ ಕೊಳವೆ ಅವರದಕ್ಕಿಂತ ಎಷ್ಟು ಪಟ್ಟು ಎಂದು ಅಂದಾಜಿಸಿ, ಎಲ್ಲ ಅಳತೆಗಳನ್ನೂ ಆ ಪಟ್ಟಿನಿಂದ ಭಾಗಿಸುವುದು. ಹರವನ್ನು ಹಿಗ್ಗಿಸಲು, ಕುಗ್ಗಿಸಲು ಇದಕ್ಕೆ ಅಧಿಕಾರವೇ ಇಲ್ಲ. ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕು ಸಾಲು:

```r
m <- aggregate(cbind(f1, f2) ~ spk + vowel, d, mean)
m$g <- (log(m$f1) + log(m$f2)) / 2
G <- tapply(m$g, m$spk, mean)
k <- exp(G - G["kaka"])
```

ಎಫ್2ಗೆ ಕಾಕಾನ ದುಂಡು ಅಂಕಿಗಳು: ಈ 2200, ಏ 1900, ಆ 1300, ಓ 900, ಊ 800. ಆಕಾರ ಇಳಿಸಿದ ಮನುಷ್ಯನ ಮೇಲೆ ಓಡಿಸಿದಾಗ ಪಟ್ಟು 0.978 ಬಂತು. ನಿಜವಾದ ಉತ್ತರ 1. ಆಕಾರ 613ಕ್ಕೆ ನಿಂತಿತು, ಅಂದರೆ 150ರಲ್ಲಿ 137 ಹರ್ಟ್ಸ್ ಅಂತರ ಉಳಿಯಿತು. ಏಕಾರ 450ರ ಬದಲು 460. ಸುಳ್ಳು ಪೂರ್ತಿ ಹೋಗಿಲ್ಲ, ಆದರೆ ಇಷ್ಟನ್ನು ಸಹಿಸಬಹುದು. ಜಾತ್ರೆಯ ಅಸಮತೆಯನ್ನು ಬೇಕೆಂದೇ ಬಿಟ್ಟು ನೋಡಿದಾಗ ಪಟ್ಟು 1.2ರ ಬದಲು 1.3 ಬಂತು, ‘ಪ್ಯಾ’ 554ಕ್ಕೆ ಬಿತ್ತು. ಲೊಬಾನೊವ್ ಕೊಟ್ಟ 506ಕ್ಕೆ ಹೋಲಿಸಿದರೆ ತಪ್ಪು ಅರ್ಧ. ಆಕಾರದ ಎಫ್2 ಮಧ್ಯದಲ್ಲೇ ಇರುವುದರಿಂದ ಎಷ್ಟು ಸಲ ಸೇರಿಸಿದರೂ ಎಫ್2 ಸರಾಸರಿ ಹೆಚ್ಚು ಕದಲುವುದಿಲ್ಲ. ಆ ಸ್ಥಿರತೆ ಎಫ್1ನ್ನೂ ಅರ್ಧ ಹಿಡಿದು ನಿಲ್ಲಿಸುತ್ತದೆ.

ಇನ್ನೊಂದು ಪಕ್ಷದ ವಾದವನ್ನೂ ಇಲ್ಲಿ ಹೇಳಬೇಕು. ಗಂಡಸರ ಧ್ವನಿಮಾರ್ಗ ಹೆಂಗಸರದ್ದರ ದೊಡ್ಡ ಪ್ರತಿ ಅಲ್ಲ. ಗಂಡಸರಲ್ಲಿ ಗಂಟಲಿನ ಭಾಗ ಬಾಯಿಯ ಭಾಗಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಉದ್ದವಿರುತ್ತದೆ ಎಂದು ಫಾಂಟ್ 1960ರ ದಶಕದಲ್ಲೇ ಗುರುತಿಸಿದ್ದರು. ಹಾಗಿದ್ದರೆ ಎಲ್ಲ ಸ್ವರಕ್ಕೂ ಒಂದೇ ಪಟ್ಟು ಸಾಲದು. ಎಫ್1, ಎಫ್2ಗಳನ್ನು ಪ್ರತ್ಯೇಕವಾಗಿ ಅಳೆಯುವ ಲೊಬಾನೊವ್ ಈ ಅಸಮ ಬೆಳವಣಿಗೆಯನ್ನು ಸ್ವಲ್ಪ ಮಟ್ಟಿಗೆ ನುಂಗಿಕೊಳ್ಳುತ್ತದೆ. ನನ್ನ ಪ್ರಶ್ನೆ ಒಂದು ಸ್ವರದ ಸ್ಥಳಾಂತರದ ಬಗ್ಗೆ ಇರುವುದರಿಂದ, ಸ್ವಲ್ಪ ಗಾತ್ರ ಉಳಿದರೂ ಪರವಾಗಿಲ್ಲ, ಸ್ಥಳಾಂತರ ಅಳಿಸಬಾರದು ಎಂದು ಲಾಗ್ ವಿಧಾನವನ್ನೇ ಆರಿಸಿಕೊಂಡೆ. ಸ್ವರಗಳ ಗುಂಪು ಎಷ್ಟು ಚೆನ್ನಾಗಿ ಬೇರ್ಪಡುತ್ತವೆ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ ಲೊಬಾನೊವ್ ಬಿಡುತ್ತಿರಲಿಲ್ಲ.

ಈಗ ನಿಜವಾದ ಮುದ್ರಣಗಳು. ಹೊಸ ಲೆಕ್ಕದಲ್ಲಿ ಕಾಕಾನಿಗೆ ಹೋಲಿಸಿದರೆ ಆಯಿಯ ಪಟ್ಟು 1.13, ಹುಡುಗಿಯದು 1.24. ಎರಡೂ ನಂಬುವಂಥ ಅಂಕಿಗಳು. ಹುಡುಗಿಯ ‘ಪ್ಯಾ’ ಏಕಾರದ ಪಕ್ಕದಿಂದ ಎದ್ದು ಕಾಕಾನದಕ್ಕೆ ತುಸು ಕೆಳಗೆ ಬಂದಿದೆ. ಆ ‘ತುಸು’ ಅವಳ ಬೇರೆ ಬೇರೆ ಉಚ್ಚಾರಗಳ ನಡುವಿನ ಚದುರಿಕೆಯೊಳಗೇ ಅಡಗುತ್ತದೆ. ಸರಿದಿದೆ ಎನ್ನಲು ಇಷ್ಟು ಸಾಲದು.

ಯಾವ ತೀರ್ಮಾನಕ್ಕೂ ಮೊದಲು ಹುಡುಗಿಯ ಈಕಾರವನ್ನು ಮತ್ತೆ ಅಳೆಯಬೇಕಾಗಿದೆ. ಧ್ವನಿ ಅಳೆಯುವ ಪ್ರಾಟ್ ತಂತ್ರಾಂಶದಲ್ಲಿ ಐದು ಫಾರ್ಮೆಂಟ್‌ಗಳಿಗೆ ಗಂಡಸರಿಗೆ 5000, ಹೆಂಗಸರಿಗೆ 5500 ಹರ್ಟ್ಸ್ ಮೇಲ್ಮಿತಿ ಇಡುವುದು ರೂಢಿ. ಮಕ್ಕಳಿಗೆ ಇನ್ನೂ ಮೇಲೆ. ಆ ಮಿತಿಯನ್ನು ಅವಳಿಗೆ ಏರಿಸಿದ್ದೇನೆ, ಇಲ್ಲದಿದ್ದರೆ ಇಲ್ಲದ ಶಿಖರವನ್ನು ಎಫ್2 ಎಂದು ತೋರಿಸುತ್ತದೆ. ಉಳಿದಿರುವ ತೊಡಕು ಅವಳ ಶ್ರುತಿಯದು. ಸುಮಾರು 280 ಹರ್ಟ್ಸ್‌ನಲ್ಲಿ ಮಾತನಾಡುವ ಅವಳ ಧ್ವನಿಯಲ್ಲಿ ಶಕ್ತಿ ಇರುವುದು 280, 560, 840 ಹೀಗೆ 280ರ ಗುಣಕಗಳಲ್ಲಿ ಮಾತ್ರ. ಈಕಾರದ ಎಫ್1 ಇರಬೇಕಾದ 370ರ ಹತ್ತಿರ ಏನೂ ಇಲ್ಲ. ಯಂತ್ರ 280ನ್ನೇ ಹಿಡಿದು ಅದನ್ನೇ ಫಾರ್ಮೆಂಟ್ ಎನ್ನುತ್ತದೆ. ಶ್ರುತಿಯನ್ನೂ ಎಫ್1ನ್ನೂ ಒಂದೇ ನಕ್ಷೆಯಲ್ಲಿ ಹಾಕಿದಾಗ ಗುಟ್ಟು ಬಯಲಾಯಿತು: ಶ್ರುತಿ ಏರಿದಂತೆ ಎಫ್1ರೂ ಜೊತೆಯಲ್ಲೇ ಏರುತ್ತಿತ್ತು. ಈಕಾರ ಹೀಗೆ ತಗ್ಗಿ ಕೂತರೆ ಅವಳ ಪಟ್ಟೂ ತಗ್ಗುತ್ತದೆ, ‘ಪ್ಯಾ’ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಇದನ್ನು ಯಾವ ನಾರ್ಮಲೈಸೇಷನ್ನೂ ಸರಿಪಡಿಸುವುದಿಲ್ಲ. ವಾಕ್ಯದ ಕೊನೆಯಲ್ಲಿ ಶ್ರುತಿ ಇಳಿಯುವಾಗ ಬಂದ ಈಕಾರಗಳನ್ನು ಮಾತ್ರ ಆರಿಸಿ ಹೊಸದಾಗಿ ಅಳೆಯುತ್ತಿದ್ದೇನೆ. ಅಂಥವು ಜಾತ್ರೆಯ ಮಾತಿನಲ್ಲಿ ಬಹಳ ಕಡಿಮೆ. ಆದ್ದರಿಂದ ಅವಳಿಗೂ ಕಾಕಾನಿಗೆ ಕೊಟ್ಟ ಪಟ್ಟಿಯನ್ನೇ ಓದಲು ಕೊಡುತ್ತೇನೆ, ಆದರೆ ಕೊನೆಯ ಪದ ಈಕಾರದ್ದೇ ಆಗುವಂತೆ ವಾಕ್ಯಗಳನ್ನು ತಿರುಗಿಸಿ ಬರೆದು.